ಎಂಟು ಬೈಟ್ ಹೆಚ್ಚಾದಾಗ: ಕೆಲವು ಪುಟಗಳು ತೆರೆಯದೆ ನಿಲ್ಲುವುದೇಕೆ
(ಬಳ್ಳಾರಿಯಲ್ಲಿ ನೆಟ್‌ವರ್ಕ್ ಕೆಲಸಗಾರರ ಮುಂದೆ ಮಾಡಿದ ಉಪನ್ಯಾಸದ ಪಠ್ಯ)

ಎಲ್ಲರಿಗೂ ನಮಸ್ಕಾರ.

ಅಂಗಡಿ, ದವಾಖಾನೆ, ಗಿರಣಿಗಳಿಗೆ ಇಂಟರ್ನೆಟ್ ಹಾಕಿಕೊಡುವುದು, ಕೆಟ್ಟರೆ ಹೋಗಿ ಸರಿಮಾಡುವುದು ನಮ್ಮ ನಿಮ್ಮೆಲ್ಲರ ಕಸುಬು. ನೆಟ್ ಪೂರ್ತಿ ನಿಂತುಹೋದರೆ ನಮಗೆ ಭಯವಿಲ್ಲ. ಎಲ್ಲೋ ತಂತಿ ತುಂಡಾಗಿರುತ್ತದೆ, ಎಲ್ಲೋ ಅಡಾಪ್ಟರ್ ಸುಟ್ಟಿರುತ್ತದೆ, ಹುಡುಕಿದರೆ ಸಿಗುತ್ತದೆ. ನಮ್ಮನ್ನು ದಿನಗಟ್ಟಲೆ ಸುತ್ತಿಸುವ ದೂರು ಬೇರೆ: "ನೆಟ್ ಚೆನ್ನಾಗಿಯೇ ಇದೆ, ಆ ಒಂದು ಪುಟ ಮಾತ್ರ ತೆರೆಯುತ್ತಿಲ್ಲ." ಇಂದು ಆ ದೂರಿನ ಒಂದೇ ಒಂದು ಕಾರಣವನ್ನು ಹಿಡಿದು ಮಾತನಾಡುತ್ತೇನೆ. ಅದನ್ನು ನಾನು ಕಲಿತದ್ದು ಗಂಗಾವತಿಯ ಒಂದು ರೈಸ್ ಮಿಲ್ಲಿನ ಕಚೇರಿಯಲ್ಲಿ.

ಆ ಮಿಲ್ಲಿಗೆ ಫೈಬರ್ ಲೈನ್ ಇತ್ತು. ಗುಡುಗು ಸಿಡಿಲಿನ ಒಂದು ರಾತ್ರಿ ಅವರ ರೂಟರ್ ಸುಟ್ಟುಹೋಯಿತು. ಬದಲಿಗೆ ನಾನು ಒಂದು ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕಿ, ಅದನ್ನೇ ರೂಟರ್ ಮಾಡಿ ಕೂರಿಸಿದೆ. ಲೈನ್ ಬಂತು, ವೇಗ ಪರೀಕ್ಷೆಯಲ್ಲಿ ಹಿಂದಿನಷ್ಟೇ ವೇಗ ತೋರಿಸಿತು, ವಿಡಿಯೊಗಳು ಸರಾಗವಾಗಿ ಓಡಿದವು. ಮರುದಿನ ಬೆಳಿಗ್ಗೆ ಗುಮಾಸ್ತರ ಫೋನ್. "ಸರ್, ಅಕ್ಕಿ ಕೊಳ್ಳುವವರ ಆರ್ಡರ್ ಪುಟ ತೆರೆಯುತ್ತಿಲ್ಲ. ಚಕ್ರ ತಿರುಗುತ್ತಲೇ ಇದೆ. ನನ್ನ ಮೊಬೈಲಿನ ಹಾಟ್‌ಸ್ಪಾಟ್ ಹಿಡಿದರೆ ತೆರೆಯುತ್ತದೆ."

ಹಾಟ್‌ಸ್ಪಾಟಿನಲ್ಲಿ ತೆರೆಯುತ್ತದೆ ಎಂದಮೇಲೆ ಕಂಪ್ಯೂಟರೂ ಆ ಪುಟದ ಸರ್ವರೂ ಕೆಟ್ಟಿಲ್ಲ. ಹೆಸರು ಹುಡುಕುವ ಡಿಎನ್ಎಸ್ ಮೇಲೆ ಅನುಮಾನ ಬಂದು ಅದನ್ನೂ ನೋಡಿದೆ. ಅದೂ ಸರಿಯಾಗಿತ್ತು. ಡಿಎನ್ಎಸ್ ತಪ್ಪಿದರೆ ಬ್ರೌಸರ್ ಬಹಳ ಹೊತ್ತು ಕಾಯಿಸುವುದಿಲ್ಲ, ವಿಳಾಸ ಸಿಗಲಿಲ್ಲ ಎಂದು ಹೇಳಿಬಿಡುತ್ತದೆ. ಇಲ್ಲಿ ಸಂಪರ್ಕ ಆಗಿತ್ತು, ಆದ ಮೇಲೆ ಮೌನ. ಈ ಮೌನವನ್ನು ಗುರುತಿಟ್ಟುಕೊಳ್ಳಿ.

ಇನ್ನು ಕಾರಣಕ್ಕೆ ಬರೋಣ. ಈಥರ್‌ನೆಟ್ ತಂತಿಯ ಮೇಲೆ ಒಂದು ಪ್ಯಾಕೆಟ್ ಸಾಮಾನ್ಯವಾಗಿ ಹೆಚ್ಚೆಂದರೆ 1500 ಬೈಟ್ ಇರಬಹುದು. ಈ ಮಿತಿಯನ್ನೇ ಎಂಟಿಯು ಎನ್ನುತ್ತಾರೆ. ಮಿಲ್ಲಿನ ಲೈನಿನಂತೆ ಬಳಕೆದಾರ ಹೆಸರು, ಪಾಸ್‌ವರ್ಡ್ ಹಾಕಿ ಕೂಡಿಕೊಳ್ಳುವ ಪಿಪಿಪಿಒಇ ಲೈನಿನಲ್ಲಿ ಪ್ರತಿ ಪ್ಯಾಕೆಟಿನ ಮುಂದೆ ಇನ್ನೂ 8 ಬೈಟಿನ ಒಂದು ಚೀಟಿ ಅಂಟುತ್ತದೆ. ತಂತಿ ಅದೇ 1500ರದ್ದು. ಹಾಗಾಗಿ ಒಳಗಿನ ಸರಕಿಗೆ ಉಳಿಯುವುದು 1492. ಕಚೇರಿಯ ಒಳಗಿನ ಕಂಪ್ಯೂಟರುಗಳಿಗೆ ಈ ಚೀಟಿಯ ಸುದ್ದಿಯೇ ಗೊತ್ತಿಲ್ಲ. ಅವು 1500 ಎಂದೇ ನಂಬಿಕೊಂಡಿರುತ್ತವೆ.

ಸಂಪರ್ಕ ಶುರುವಾಗುವಾಗ ಎರಡೂ ಕಡೆಯವರು "ನನಗೆ ಒಂದು ಸಲಕ್ಕೆ ಇಷ್ಟು ದೊಡ್ಡ ತುಂಡು ಕಳಿಸಬಹುದು" ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಇದು ಎಂಎಸ್ಎಸ್. 1500ರಲ್ಲಿ ಐಪಿ ತಲೆಬರಹಕ್ಕೆ 20, ಟಿಸಿಪಿ ತಲೆಬರಹಕ್ಕೆ 20 ಕಳೆದರೆ 1460. ಗುಮಾಸ್ತರ ಕಂಪ್ಯೂಟರ್ ಹೇಳಿದ್ದು ಅದನ್ನೇ: 1460. ದೂರದ ಸರ್ವರ್ ಅದನ್ನು ನಂಬಿ 1500 ಬೈಟಿನ ಪ್ಯಾಕೆಟುಗಳನ್ನು ಕಟ್ಟಿ ಕಳಿಸಿತು. ಅವು ದೇಶವೆಲ್ಲ ದಾಟಿ ಬಂದು, ನಮ್ಮ ಸೇವೆಯವರ ಕೊನೆಯ ಪೆಟ್ಟಿಗೆಯ ಬಳಿ, 1492ರ ಬಾಗಿಲಿನಲ್ಲಿ ನಿಂತವು.

ಅಲ್ಲಿಯೇ ಎರಡು ತುಂಡು ಮಾಡಿ ಒಳಗೆ ಬಿಡಬಹುದಲ್ಲ ಎಂದು ನೀವು ಕೇಳಬಹುದು. ಬಿಡುವಂತಿಲ್ಲ. ಇಂದಿನ ಟಿಸಿಪಿ ಪ್ಯಾಕೆಟುಗಳ ಮೇಲೆ ಹೆಚ್ಚುಕಡಿಮೆ ಯಾವಾಗಲೂ "ತುಂಡರಿಸಬೇಡಿ" ಎಂಬ ಗುರುತು ಇರುತ್ತದೆ. ಅಂಥ ಪ್ಯಾಕೆಟ್ ಹಿಡಿಸದಿದ್ದರೆ ಅದನ್ನು ಬಿಸಾಡಿ, ಕಳಿಸಿದವರಿಗೆ "ನಿಮ್ಮ ಪ್ಯಾಕೆಟ್ ದೊಡ್ಡದಾಯಿತು, ಇಲ್ಲಿ 1492 ಮಾತ್ರ ಹಿಡಿಸುತ್ತದೆ" ಎಂದು ಒಂದು ಐಸಿಎಂಪಿ ಸಂದೇಶ ಕಳಿಸಬೇಕು. ವಿಧ 3, ಸಂಕೇತ 4. ಸಂದೇಶ ತಲುಪಿದ ಸರ್ವರ್ ಚಿಕ್ಕದಾಗಿ ಕಟ್ಟಿ ಮತ್ತೆ ಕಳಿಸುತ್ತದೆ. ದಾರಿಯ ಅಳತೆಯನ್ನು ಹೀಗೆ ತಿಳಿಯುವ ಕ್ರಮವನ್ನು 1990ರಲ್ಲಿ RFC 1191 ಎಂಬ ದಾಖಲೆ ಬರೆದಿಟ್ಟಿತು. ಚೆಂದದ ಉಪಾಯ. ಆದರೆ ಅದು ನಿಂತಿರುವುದು ಆ ಒಂದು ಸಂದೇಶದ ಮೇಲೆ.

ಭತ್ತದ ಲಾರಿಗಳನ್ನು ನೋಡಿರುವ ನಿಮಗೆ ಇದು ಬೇಗ ಹಿಡಿಯುತ್ತದೆ. ರೈಲ್ವೆ ಕೆಳಸೇತುವೆಯ ಮುಂದೆ ಎತ್ತರ ಅಳೆಯುವ ಕಬ್ಬಿಣದ ಅಡ್ಡಪಟ್ಟಿ ಇರುತ್ತದೆ. ಮೂಟೆಗಳನ್ನು ಎತ್ತರಕ್ಕೆ ಒಟ್ಟಿದ ಲಾರಿ ಅಲ್ಲಿ ಸಿಕ್ಕಿತು. ಕಾವಲುಗಾರ ಒಂದು ಚೀಟಿ ಬರೆದು ಲೋಡು ತುಂಬಿದ ಗೋದಾಮಿಗೆ ಕಳಿಸಿದ: ಒಂದು ಸಾಲು ಮೂಟೆ ಕಡಿಮೆ ಒಟ್ಟಿ. ಗೋದಾಮಿನ ಗೇಟಿನವನು ಚೀಟಿ ಒಳಗೆ ಬಿಡಬಾರದೆಂದು ಅದನ್ನು ಹರಿದುಹಾಕಿದ. ಸರಕು ತಲುಪಲಿಲ್ಲವೆಂದು ಮಾತ್ರ ತಿಳಿದ ಒಳಗಿನವರು ಅಷ್ಟೇ ಎತ್ತರದ ಇನ್ನೊಂದು ಲಾರಿ ಕಳಿಸುತ್ತಾರೆ. ಅದಾದ ಮೇಲೆ ಮತ್ತೊಂದು.

ಆ ಆರ್ಡರ್ ಪುಟದ ಸರ್ವರಿನ ಮುಂದಿದ್ದ ಫೈರ್‌ವಾಲ್ ಆ ಗೇಟಿನವನ ಕೆಲಸವನ್ನೇ ಮಾಡುತ್ತಿತ್ತು. ಭದ್ರತೆಯ ಹೆಸರಿನಲ್ಲಿ ಐಸಿಎಂಪಿಯನ್ನು ಒಟ್ಟಾರೆ ತಡೆದಿದ್ದರು. ಇದು ಹಳೆಯ ರೋಗ. 2000ದಲ್ಲಿಯೇ RFC 2923 ಇದನ್ನು ಬಿಡಿಸಿ ಹೇಳಿದೆ, ಕಪ್ಪು ಕುಳಿ ಎಂಬ ಹೆಸರನ್ನೂ ಬಳಸಿದೆ. ಇಷ್ಟು ವರ್ಷವಾದ ಮೇಲೂ ಐಸಿಎಂಪಿಯನ್ನು ಪೂರ್ತಿ ಮುಚ್ಚುವುದನ್ನು ಜಾಣತನವೆಂದು ಕಲಿಸುವವರಿದ್ದಾರೆ ಎಂಬುದು ನನಗೆ ನಿಜವಾಗಿಯೂ ನೋವು ತರುವ ವಿಷಯ. ನಿಮ್ಮಲ್ಲಿ ಯಾರಾದರೂ ಫೈರ್‌ವಾಲ್ ನಿಯಮ ಬರೆಯುವವರಿದ್ದರೆ ವಿಧ 3, ಸಂಕೇತ 4ನ್ನು ದಯವಿಟ್ಟು ಬಿಡಿ. ಐಪಿವಿ6ರಲ್ಲಿ ಇದೇ ಕೆಲಸದ ಸಂದೇಶ ವಿಧ 2. ಅಲ್ಲಿ ದಾರಿಯ ರೂಟರುಗಳಿಗೆ ತುಂಡರಿಸುವ ಅಧಿಕಾರವೇ ಇಲ್ಲದ ಕಾರಣ ಅದನ್ನು ತಡೆಯುವುದು ಇನ್ನೂ ದೊಡ್ಡ ತಪ್ಪು.

ಬೇರೆ ಪುಟಗಳು ತೆರೆದದ್ದು ಹೇಗೆ ಎಂಬುದೂ ಇಲ್ಲಿಗೆ ತಿಳಿಯುತ್ತದೆ. ಚೀಟಿಯನ್ನು ಒಳಗೆ ಬಿಡುವ ಸರ್ವರುಗಳು ಮೊದಲ ಪೆಟ್ಟಿಗೇ ಚಿಕ್ಕದಾಗಿ ಕಟ್ಟಲು ಕಲಿತವು. ಅಲ್ಲಿ ಆದ ತಡ ಕಣ್ಣಿಗೆ ಕಾಣುವಷ್ಟಿಲ್ಲ. ವೇಗ ಪರೀಕ್ಷೆಯ ಸರ್ವರ್ ಕೂಡ ಅಂಥದ್ದೇ ಇದ್ದಿರಬೇಕು. ಇನ್ನು ವಿಡಿಯೊಗಳು. ಅವುಗಳಲ್ಲಿ ಹಲವು ಈಗ ಟಿಸಿಪಿಯ ಬದಲು ಕ್ವಿಕ್ ಎಂಬ ವಿಧಾನದಲ್ಲಿ ಬರುತ್ತವೆ. ಅದು 1200 ಬೈಟಿನಿಂದ ಶುರುಮಾಡಿ, ದಾರಿ ಹಿಡಿಸುತ್ತದೆಯೇ ಎಂದು ತಾನೇ ಪರೀಕ್ಷಿಸಿಕೊಂಡು ಮುಂದೆ ಹೋಗುತ್ತದೆ. 1492ರ ಬಾಗಿಲು ಅದಕ್ಕೆ ಅಡ್ಡಿಯೇ ಅಲ್ಲ.

ಮಿಲ್ಲಿಗೆ ಹೋದವನು ಮೊದಲು ಗುಮಾಸ್ತರ ವಿಂಡೋಸ್ ಕಂಪ್ಯೂಟರಿನಲ್ಲಿ ಈ ಎರಡು ಸಾಲು ಹೊಡೆದೆ.

```
ping -f -l 1472 1.1.1.1
ping -f -l 1464 1.1.1.1
```

`-f` ಎಂದರೆ ತುಂಡರಿಸಬೇಡಿ ಎಂಬ ಗುರುತು. 1472ಕ್ಕೆ ಪಿಂಗಿನ ಎರಡು ತಲೆಬರಹಗಳ 28 ಕೂಡಿಸಿದರೆ 1500. 1464ಕ್ಕೆ ಕೂಡಿಸಿದರೆ 1492. ಮೊದಲನೆಯದಕ್ಕೆ `Packet needs to be fragmented but DF set.` ಎಂಬ ಉತ್ತರ ಬಂತು. ಎರಡನೆಯದು ಹೋಗಿ ಮರಳಿತು. 1465 ಹಾಕಿದೆ, ಮತ್ತೆ ಅದೇ ಆಕ್ಷೇಪ. ದಾರಿಯ ಅಳತೆ 1492 ಎಂದು ಖಚಿತವಾಯಿತು.

ಒಂದು ಎಚ್ಚರಿಕೆ ಹೇಳಲೇಬೇಕು. ಆಕ್ಷೇಪದ ಉತ್ತರ ಬಂತೆಂದರೆ ಆ ಚೀಟಿ ನಮಗೆ ತಲುಪುತ್ತಿದೆ ಎಂದಷ್ಟೇ ಅರ್ಥ. ಸರ್ವರಿನಿಂದ ನಮ್ಮ ಕಡೆಗೆ ಬರುವ ದಾರಿಯ ಚೀಟಿ ಸರ್ವರಿಗೆ ತಲುಪಬೇಕು, ಅದನ್ನು ನಮ್ಮ ಪಿಂಗ್ ನೋಡಲಾರದು. ಆ ಕಡೆಯ ಕಥೆ ತಿಳಿಯಲು ರೂಟರಿನ ಮೇಲೆ `tcpdump` ಓಡಿಸಿ ಆ ಪುಟವನ್ನು ಮತ್ತೆ ತೆರೆಯಲು ಹೇಳಿದೆ.

ತೆರೆಯ ಮೇಲೆ ಕಂಡದ್ದು ಇಂದಿಗೂ ಕಣ್ಣ ಮುಂದಿದೆ. ಕೈಕುಲುಕುವ ಮೂರು ಪ್ಯಾಕೆಟುಗಳು ಸರಾಗವಾಗಿ ನಡೆದವು. ನಮ್ಮ ಕಂಪ್ಯೂಟರ್ ಗುಪ್ತ ಸಂಪರ್ಕದ ಮೊದಲ ಮಾತನ್ನು ಕಳಿಸಿತು, ಮುಟ್ಟಿದೆ ಎಂದು ಸರ್ವರ್ ಹೇಳಿತು. ಸರ್ವರ್ ತನ್ನ ಪ್ರಮಾಣಪತ್ರವನ್ನು ಕಳಿಸಬೇಕಾದದ್ದು ಆಮೇಲೆ. ಅದರ ಒಟ್ಟು ಉತ್ತರ 3700 ಬೈಟ್. 1460, 1460, ಉಳಿದದ್ದು 780. ಮೂರು ತುಂಡುಗಳೂ ಒಟ್ಟಿಗೇ ಹೊರಟಿದ್ದವು. ನಮ್ಮ ಬಾಗಿಲಿಗೆ ಬಂದದ್ದು ಕೊನೆಯ 780 ಮಾತ್ರ! ದೊಡ್ಡಣ್ಣಂದಿರಿಬ್ಬರೂ ಆಚೆಯೇ ಉಳಿದು, ಕಿರಿಯವನೊಬ್ಬ ಮನೆಗೆ ಬಂದ ಹಾಗೆ. ನಮ್ಮ ಕಂಪ್ಯೂಟರ್ "ಮೊದಲಿನ ಎರಡು ಬಂದಿಲ್ಲ" ಎಂದು ತಿಳಿಸಿತು. ಸರ್ವರ್ ಅವನ್ನೇ, ಅದೇ ಅಳತೆಯಲ್ಲಿ, ಪ್ರತಿ ಸಲವೂ ಹಿಂದಿನದಕ್ಕಿಂತ ಹೆಚ್ಚು ಹೊತ್ತು ಕಾದು ಮತ್ತೆ ಕಳಿಸುತ್ತಿದ್ದಿರಬೇಕು. ನಮಗೆ ಅದರಲ್ಲಿ ಒಂದೂ ಕಾಣಲಿಲ್ಲ. ಚಿಕ್ಕದು ಬಂದು ದೊಡ್ಡವು ಬಾರದಿರುವ ಈ ಚಿತ್ರ ಕಂಡರೆ ಬೇರೆ ಕಾರಣ ಹುಡುಕುವ ಮೊದಲು ಅಳತೆಯನ್ನು ನೋಡಿ. ಲೈನ್ ದುರ್ಬಲವಾಗಿದ್ದರೆ ಪ್ಯಾಕೆಟುಗಳು ಹೀಗೆ ಗಾತ್ರ ನೋಡಿ ಕಳೆದುಹೋಗುವುದಿಲ್ಲ.

ಖಾತ್ರಿ ಮಾಡಿಕೊಳ್ಳಲು ಆ ಒಂದು ಕಂಪ್ಯೂಟರಿನ ಎಂಟಿಯು ಮಾತ್ರ 1492 ಮಾಡಿದೆ.

```
netsh interface ipv4 set subinterface "Ethernet" mtu=1492 store=active
```

ಪುಟ ತಕ್ಷಣ ತೆರೆಯಿತು. ಪಕ್ಕದ ಮೇಜಿನ ಕಂಪ್ಯೂಟರಿನಲ್ಲಿ ಚಕ್ರ ಇನ್ನೂ ತಿರುಗುತ್ತಿತ್ತು. ಈ ಸಾಲು ಪರೀಕ್ಷೆಗಷ್ಟೇ. `store=active` ಹಾಕಿರುವುದರಿಂದ ಕಂಪ್ಯೂಟರ್ ಮತ್ತೆ ಹೊತ್ತಿಸಿದಾಗ ಹಳೆಯ ಅಳತೆಯೇ ಬರುತ್ತದೆ. ಮಿಲ್ಲಿನ ಒಂದೊಂದು ಕಂಪ್ಯೂಟರಿಗೂ ಮೊಬೈಲಿಗೂ ಹೀಗೆ ಮಾಡುತ್ತಾ ಹೋಗುವುದು ಚಿಕಿತ್ಸೆಯಲ್ಲ. ಅಂದಾಜಿನಲ್ಲಿ 1200, 1000 ಎಂದು ಇಳಿಸುವವರನ್ನೂ ಕಂಡಿದ್ದೇನೆ. ಐಪಿವಿ6ಗೆ ಕನಿಷ್ಠ 1280 ಬೇಕೇ ಬೇಕು, ಅದಕ್ಕಿಂತ ಇಳಿಸಿದರೆ ಅದು ನಿಂತೇ ಹೋಗುತ್ತದೆ.

ಸರಿಪಡಿಸಬೇಕಾದ ಜಾಗ ರೂಟರ್. ಸುಟ್ಟುಹೋದ ಹಳೆಯ ರೂಟರ್ ಸದ್ದಿಲ್ಲದೆ ಒಂದು ಉಪಕಾರ ಮಾಡುತ್ತಿತ್ತು. ತನ್ನ ಮೂಲಕ ಹೋಗುವ ಪ್ರತಿ ಸಂಪರ್ಕದ ಮೊದಲ ಪ್ಯಾಕೆಟಿನಲ್ಲಿ 1460 ಎಂದಿದ್ದ ಎಂಎಸ್ಎಸ್ ಅನ್ನು 1452 ಎಂದು ತಿದ್ದಿ ಕಳಿಸುತ್ತಿತ್ತು. 1492ರಲ್ಲಿ 40 ಕಳೆದರೆ ಬರುವ ಅಂಕಿ ಅದು. ಅಂಗಡಿಯಲ್ಲಿ ಸಿಗುವ ಸಣ್ಣ ರೂಟರುಗಳಲ್ಲಿ ಬಹಳಷ್ಟು ಹೀಗೆ ತಾವಾಗಿಯೇ ಮಾಡುತ್ತವೆ. ಅದಕ್ಕೇ ನಮ್ಮಲ್ಲಿ ಅನೇಕರಿಗೆ ಈ ತೊಂದರೆಯ ಪರಿಚಯವೇ ಇಲ್ಲ. ನಾನು ಕಟ್ಟಿದ ಲಿನಕ್ಸ್ ರೂಟರಿನಲ್ಲಿ ಆ ಸಾಲು ಇರಲಿಲ್ಲ. ಬಿಟ್ಟವನು ನಾನೇ. ಎರಡು ದಿನ ಆ ಗುಮಾಸ್ತರು ತಮ್ಮ ಸ್ವಂತ ಮೊಬೈಲಿನ ಡೇಟಾ ಸುರಿದು ಆರ್ಡರ್ ಹಾಕಿದ್ದರು. ಬಿಟ್ಟ ಸಾಲು ಇದು:

```
iptables -t mangle -A FORWARD -p tcp \
  --tcp-flags SYN,RST SYN \
  -j TCPMSS --clamp-mss-to-pmtu
```

ಹೊರಹೋಗುವ ದಾರಿಯ ಎಂಟಿಯು ನೋಡಿ ಎಂಎಸ್ಎಸ್ ಅನ್ನು ಅದಕ್ಕೆ ತಕ್ಕಂತೆ ಇಳಿಸು ಎಂದು ಇದರ ಅರ್ಥ. ಐಪಿವಿ6 ಇದ್ದರೆ `ip6tables` ಎಂದು ಬದಲಿಸಿ ಇದೇ ಸಾಲನ್ನು ಇನ್ನೊಮ್ಮೆ ಹಾಕಬೇಕು. ಇದು ಟಿಸಿಪಿಗೆ ಮಾತ್ರ ಅನ್ವಯಿಸುತ್ತದೆ ಎಂಬುದು ನೆನಪಿರಲಿ. ವಿಪಿಎನ್ ಸುರಂಗಗಳಲ್ಲಿ ಬಹಳಷ್ಟು ಯುಡಿಪಿಯ ಮೇಲೆ ಓಡುತ್ತವೆ. ಅವುಗಳ ಹೊರ ಪ್ಯಾಕೆಟಿನ ಅಳತೆಯನ್ನು ಈ ಸಾಲು ಮುಟ್ಟುವುದಿಲ್ಲ, ಸುರಂಗದ ಎಂಟಿಯುವನ್ನು ಬೇರೆಯಾಗಿಯೇ ಹೊಂದಿಸಬೇಕು.

ಸಾಲು ಹಾಕಿ, ಗುಮಾಸ್ತರ ಕಂಪ್ಯೂಟರಿನ ಅಳತೆಯನ್ನು ಮತ್ತೆ 1500ಕ್ಕೆ ತಂದು, ಕೊನೆಯ ಸಲ ನೋಡಿದೆ.

```
tcpdump -ni ppp0 'tcp[tcpflags] & tcp-syn != 0'
```

ಗುಮಾಸ್ತರು ಪುಟ ಒತ್ತಿದರು. ಹೊರಟ ಮೊದಲ ಪ್ಯಾಕೆಟಿನಲ್ಲಿ `mss 1452` ಎಂದಿತ್ತು. ಆ ಸೋಸುವ ನಿಯಮ ತೆಗೆದು ಪೂರ್ತಿ ಸಂಚಾರವನ್ನು ನೋಡಿದಾಗ ಅದೇ 3700 ಬೈಟಿನ ಪ್ರಮಾಣಪತ್ರ ಈ ಸಲ 1452, 1452, 796 ಎಂದು ಮೂರು ತುಂಡುಗಳಾಗಿ, ಸಾಲಾಗಿ ಒಳಗೆ ಬಂತು. ನಾನು ತೆರೆಯಿಂದ ತಲೆಯೆತ್ತುವಷ್ಟರಲ್ಲಿ ಗುಮಾಸ್ತರು ಆರ್ಡರಿನ ಮೂಟೆಗಳ ಸಂಖ್ಯೆಯನ್ನು ತುಂಬುತ್ತಿದ್ದರು.