ಬಾಳೆಎಲೆಯ ಹಸಿರು ಎರಡು ಕ್ಯಾಮೆರಾದಲ್ಲಿ ಎರಡು ಥರ ಯಾಕೆ?

ಪರದೆಯ ಮೇಲೆ ಈಗ ಎರಡು ಶಾಟ್ ನೋಡ್ತಿದ್ದೀರಿ. ಒಂದೇ ಅಡುಗೆಮನೆ, ಒಂದೇ ಹೊತ್ತು, ಒಂದೇ ಅಕ್ಕಿರೊಟ್ಟಿ. ಎದುರಿನಿಂದ ಮುಖ, ಕೈ, ಒಲೆ ಎಲ್ಲ ಹಿಡಿದಿರೋದು ಸೋನಿ ಕ್ಯಾಮೆರಾ, ಎಸ್-ಲಾಗ್3 ಪ್ರೊಫೈಲ್‌ನಲ್ಲಿ. ಮೇಲಿನಿಂದ ಬಾಳೆಎಲೆ ಮೇಲೆ ಹಿಟ್ಟು ತಟ್ಟೋದನ್ನ ಹಿಡಿದಿರೋದು ಐಫೋನ್. ಕಟ್ ಆದ ತಕ್ಷಣ ಎಲೆ ಬೇರೆ ಹಸಿರಾಗುತ್ತೆ, ಅದೇ ಕೈ ಬೇರೆಯವರ ಕೈ ಥರ ಕಾಣುತ್ತೆ, ಬಿಳಿ ಪಿಂಗಾಣಿ ತಟ್ಟೆ ಒಂದರಲ್ಲಿ ನೀಲಿ, ಇನ್ನೊಂದರಲ್ಲಿ ಹಳದಿ. ಇವೆರಡನ್ನೂ ಡಾವಿಂಚಿ ರಿಸಾಲ್ವ್‌ನ ಕಲರ್ ಪೇಜ್‌ನಲ್ಲಿ ಹೊಂದಿಸೋಣ.

ಬಣ್ಣದ ಚಕ್ರ ಮುಟ್ಟೋ ಮುಂಚೆ ಒಂದು ತೀರ್ಮಾನ ಆಗಬೇಕು: ಯಾವುದನ್ನ ಯಾವುದಕ್ಕೆ ಹೊಂದಿಸೋದು? ಸೋನಿ ಒಳ್ಳೆ ಕ್ಯಾಮೆರಾ, ಅದನ್ನ ಚೆನ್ನಾಗಿ ಮಾಡಿಕೊಂಡು ಫೋನನ್ನ ಅದರ ಹತ್ತಿರ ಎಳೆಯೋಣ ಅಂತ ತುಂಬಾ ಜನ ಹೊರಡ್ತಾರೆ. ಇದು ಉಲ್ಟಾ ದಾರಿ. ಫೋನ್ ತನ್ನ ಕಾಂಟ್ರಾಸ್ಟ್, ಶಾರ್ಪ್‌ನೆಸ್, ಬಣ್ಣ ಎಲ್ಲವನ್ನೂ ತಾನೇ ನಿರ್ಧರಿಸಿ ಫೈಲ್‌ಗೆ ಬರೆದುಬಿಟ್ಟಿರುತ್ತೆ. ಅದರ ಕಪ್ಪಿನಲ್ಲಿ ಹೋದ ವಿವರ ಹೋಯಿತು. ಸೋನಿಯ ಎಸ್-ಲಾಗ್3 ಥರದ ಲಾಗ್ ಫೈಲ್ ಹಾಗಲ್ಲ. ಅದರಲ್ಲಿ ಚಿತ್ರ ಮಂಕಾಗಿ ಕಂಡರೂ ವಿವರ ಉಳಿದಿರುತ್ತೆ, ಅದನ್ನ ಯಾವ ಕಡೆ ಬೇಕಾದರೂ ಬಗ್ಗಿಸಬಹುದು. ಬಗ್ಗದೇ ಇರೋದನ್ನ ಅಳತೆಗೋಲು ಮಾಡಿಕೊಂಡು, ಬಗ್ಗೋದನ್ನ ಅದಕ್ಕೆ ತಕ್ಕಂತೆ ಬಗ್ಗಿಸಬೇಕು. ಅಂದರೆ ಇಲ್ಲಿ ಮೊದಲು ಕೂರಿಸೋದು ಫೋನಿನ ಶಾಟ್.

ಎರಡನ್ನೂ ಒಂದೇ ಭಾಷೆಗೆ ತರೋದು ಮೊದಲ ಕೆಲಸ. ಸೋನಿ ಕ್ಲಿಪ್‌ನಲ್ಲಿ ಮೂರು ನೋಡ್ ಸಾಲಾಗಿ ಮಾಡಿ. ನೋಡ್ ಅಂದರೆ ತಿದ್ದುಪಡಿಯ ಒಂದೊಂದು ಹಂತ, ಚಿತ್ರ ಒಂದರಿಂದ ಮುಂದಿನದಕ್ಕೆ ಹೋಗುತ್ತೆ. ನಡುವಿನ ನೋಡ್‌ಗೆ ಎಫೆಕ್ಟ್ಸ್ ಪಟ್ಟಿಯಿಂದ Color Space Transform ಎಳೆದು ಹಾಕಿ. Input Color Space ಎದುರು ಸೋನಿಯ S-Gamut3.Cine, Input Gamma ಎದುರು S-Log3, Output ಎರಡರಲ್ಲಿ ಮಾಮೂಲಿ ಪರದೆಯ ಅಳತೆಗಳಾದ Rec.709 ಮತ್ತು Gamma 2.4. ಮಂಕು ಬೂದಿ ಬಣ್ಣದ ಚಿತ್ರ ಒಮ್ಮೆಲೇ ಸಹಜವಾಗುತ್ತೆ. ಕ್ಯಾಮೆರಾದ ಮೆನುವಿನಲ್ಲಿ S-Gamut3 ಅಂತ ಇತ್ತೋ, S-Gamut3.Cine ಅಂತ ಇತ್ತೋ, ಅದನ್ನ ನೋಡಿಯೇ ಆರಿಸಿ. ತಪ್ಪಾದರೆ ಚಿತ್ರ ಹಾಳಾದ ಹಾಗೆ ಕಾಣಲ್ಲ. ಬಣ್ಣ ಮಾತ್ರ ಸ್ವಲ್ಪ ಆಚೀಚೆ ಜರುಗಿರುತ್ತೆ. ಅದನ್ನ ಸರಿಮಾಡೋಕೆ ಆಮೇಲೆ ಕರ್ವ್‌ಗಳಲ್ಲಿ ಗಂಟೆಗಟ್ಟಲೆ ಹೋಗುತ್ತೆ.

ಫೋನಿನ ಕಡೆ ಒಂದು ಎಚ್ಚರ. ಐಫೋನ್ 12ರಿಂದ ಈಚಿನ ಫೋನ್‌ಗಳಲ್ಲಿ ಎಚ್‌ಡಿಆರ್ ವಿಡಿಯೋ ಇದೆ. ಅದು ಆನ್ ಆಗಿದ್ದರೆ ಫೈಲ್ ಇರೋದು ಎಚ್‌ಎಲ್‌ಜಿ ಅನ್ನೋ ಎಚ್‌ಡಿಆರ್ ಗಾಮಾದಲ್ಲಿ, ಬಣ್ಣದ ಹರವು Rec.2020. ಮಾಮೂಲಿ ಟೈಮ್‌ಲೈನ್‌ಗೆ ಹಾಗೇ ಹಾಕಿದರೆ ಬಣ್ಣ ಸೊರಗಿ ಕಾಣುತ್ತೆ, ಬೆಳಕಿನ ಭಾಗಗಳು ಇರಬೇಕಾದ ಮಟ್ಟದಲ್ಲಿ ಇರಲ್ಲ. ಅಂಥ ಕ್ಲಿಪ್‌ನ ಮೊದಲ ನೋಡ್‌ನಲ್ಲೂ Color Space Transform ಹಾಕಿ, Input Color Space ಎದುರು Rec.2020, Input Gamma ಎದುರು ಎಚ್‌ಎಲ್‌ಜಿ ಆರಿಸಿ, Output ಅದೇ Rec.709, Gamma 2.4. ಎಚ್‌ಡಿಆರ್ ಆಫ್ ಇದ್ದ ಕ್ಲಿಪ್‌ಗೆ ಇದು ಬೇಡ. ನಮ್ಮ ಈ ಶಾಟ್ ಎಚ್‌ಡಿಆರ್ ಅಲ್ಲ, ಹಾಗಾಗಿ ನೇರ ಮುಂದಿನ ಹೆಜ್ಜೆ.

ಈಗ ಸ್ಕೋಪ್ಸ್ ತೆರೆದು Parade ಆರಿಸಿ. ಕೆಂಪು, ಹಸಿರು, ನೀಲಿ ಮೂರು ಕಂಬ, ಕೆಳಗೆ 0, ಮೇಲೆ 1023. ಎರಡು ಶಾಟ್‌ಗಳ ಪರೇಡನ್ನ ಪೂರ್ತಿಯಾಗಿ ಒಂದೇ ಥರ ಮಾಡೋಕೆ ಹೋಗಬೇಡಿ. ಮೇಲಿನ ಶಾಟ್‌ನಲ್ಲಿ ಮುಕ್ಕಾಲು ಭಾಗ ಬಾಳೆಎಲೆ, ಎದುರಿನ ಶಾಟ್‌ನಲ್ಲಿ ಗೋಡೆ ಮತ್ತು ಮುಖ. ಅವು ಬೇರೆ ಕಾಣಲೇಬೇಕು. ಥಂಬ್‌ನೇಲ್ ಮೇಲೆ ರೈಟ್ ಕ್ಲಿಕ್ ಮಾಡಿದರೆ ಸಿಗೋ Shot Match to this Clip ಇಂಥ ಕಡೆ ಸೋಲೋದೂ ಇದಕ್ಕೇ. ಚೌಕಟ್ಟಿನ ತುಂಬಾ ಇರೋ ಎಲೆಯ ಹಸಿರನ್ನ ಕ್ಯಾಮೆರಾದ ದೋಷ ಅಂದುಕೊಂಡು ಅದು ಇನ್ನೊಂದು ಶಾಟ್‌ನ ಗೋಡೆಗೂ ಹಸಿರು ಬಳಿಯುತ್ತೆ.

ನಮಗೆ ಬೇಕಾಗಿರೋದು ಎರಡೂ ಶಾಟ್‌ನಲ್ಲಿ ಇರೋ ಒಂದೇ ವಸ್ತು. ಇಲ್ಲಿ ಅದು ಆ ಬಿಳಿ ತಟ್ಟೆ. ಸ್ಟೀಲ್ ಪಾತ್ರೆ ಬೇಡ, ಅದು ಸುತ್ತಮುತ್ತಲ ಬಣ್ಣ ಎಲ್ಲ ಪ್ರತಿಫಲಿಸುತ್ತೆ. ಸ್ಕೋಪ್‌ನ ಮೆನುವಿನಲ್ಲಿ Display Qualifier Focus ಅಂತ ಇದೆ. ಅದನ್ನ ಆನ್ ಮಾಡಿ, ಕ್ವಾಲಿಫೈಯರ್ ತೆರೆದು, ಚಿತ್ರದಲ್ಲಿ ತಟ್ಟೆಯ ಮೇಲೆ ಮೌಸ್ ಇಟ್ಟರೆ ಆ ಜಾಗದ ಮಟ್ಟ ಪರೇಡಿನಲ್ಲಿ ಎಲ್ಲಿದೆ ಅಂತ ಗುರುತು ಕಾಣುತ್ತೆ.

ಫೋನಿನ ಶಾಟ್‌ನಲ್ಲಿ ತಟ್ಟೆ ಕೆಂಪು 830, ಹಸಿರು 800, ನೀಲಿ 735 ಇದೆ ಅಂದುಕೊಳ್ಳಿ. ಬಿಳಿ ಅಂದರೆ ಮೂರೂ ಒಂದೇ ಮಟ್ಟ. ಇಲ್ಲಿ ಹಳದಿಗೆ ವಾಲಿದೆ. ಗೇನ್ ಚಕ್ರದ ಕೆಳಗೆ ಇರೋ ಕೆಂಪು ಸಂಖ್ಯೆಯನ್ನ ಸ್ವಲ್ಪ ಇಳಿಸಿ, ನೀಲಿಯನ್ನ ಏರಿಸಿ, ಮೂರನ್ನೂ 800ಕ್ಕೆ ತನ್ನಿ. ಗೇನೇ ಯಾಕೆ? ಗೇನ್ ಗುಣಾಕಾರ ಮಾಡುತ್ತೆ, ಬೆಳಕಿನ ಬಣ್ಣ ಬದಲಾದಾಗ ಆಗೋದೂ ಗುಣಾಕಾರವೇ. ಕಪ್ಪು ಇದ್ದ ಕಡೆಯೇ ಇರುತ್ತೆ. ಇದೇ ಕೆಲಸ, ಎಲ್ಲ ಮಟ್ಟಕ್ಕೂ ಒಂದೇ ಮೊತ್ತ ಕೂಡೋ ಆಫ್‌ಸೆಟ್‌ನಲ್ಲಿ ಮಾಡಿದರೆ ತಟ್ಟೆ ಬಿಳಿ ಆಗುತ್ತೆ, ಆದರೆ ಒಲೆ ಕೆಳಗಿನ ಕತ್ತಲು ನೀಲಿಯಾಗುತ್ತೆ.

ಆದರೆ ಗೇನ್ ಮುಟ್ಟೋ ಮುಂಚೆ ಒಂದು ಪರೀಕ್ಷೆ: ತಟ್ಟೆಯ ಕೆಂಪು ಗೆರೆ ಮೇಲೆ 1023ಕ್ಕೆ ಹೋಗಿ ಚಪ್ಪಟೆ ಆಗಿದೆಯಾ ನೋಡಿ. ಚಪ್ಪಟೆ ಆಗಿದ್ದರೆ ಅಲ್ಲಿ ಕೆಂಪು ನಿಜಕ್ಕೂ ಎಷ್ಟಿತ್ತು ಅನ್ನೋ ಲೆಕ್ಕ ಫೈಲ್‌ನಲ್ಲೇ ಇಲ್ಲ. ಅದನ್ನ ಇಳಿಸಿ ಸಮ ಮಾಡಿದರೆ ಹೊಳೆಯೋ ಜಾಗಗಳು ತಿಳಿ ಹಸಿರು-ನೀಲಿಗೆ ತಿರುಗುತ್ತವೆ. ಹಾಗಿದ್ದಾಗ ತಟ್ಟೆಯ ನೆರಳು ಬಿದ್ದ ಅಂಚನ್ನ ಅಳತೆಗೆ ತಗೊಳ್ಳಿ.

ಫೋನಿನ ಶಾಟ್ ಕೂತಿತು. ಅದರ ಮೇಲೆ ರೈಟ್ ಕ್ಲಿಕ್ ಮಾಡಿ Grab Still ಕೊಡಿ. ಗ್ಯಾಲರಿಗೆ ಹೋದ ಆ ಚಿತ್ರವನ್ನ ಸೋನಿ ಶಾಟ್ ಮೇಲೆ ವೈಪ್ ಆಗಿ ತೆರೆದರೆ ಅರ್ಧ ಇದು, ಅರ್ಧ ಅದು ಪಕ್ಕಪಕ್ಕ ಕಾಣುತ್ತೆ. ಸ್ಕೋಪಿನಲ್ಲೂ ಎರಡೂ ಒಟ್ಟಿಗೆ ಬರುತ್ತವೆ.

ಸೋನಿಯಲ್ಲಿ ತಟ್ಟೆ ಕೆಂಪು 690, ಹಸಿರು 720, ನೀಲಿ 735 ಇದೆ ಅನ್ನಿ. ಇಲ್ಲಿ ವಿಧಾನ ಬೇರೆ. ಬ್ಯಾಲೆನ್ಸ್ ಮಾಡಬೇಕಾಗಿರೋದು ಮೊದಲ ನೋಡ್‌ನಲ್ಲಿ, ಅಂದರೆ ಪರಿವರ್ತನೆಗೆ ಮುಂಚೆ, ಮತ್ತು ಆಫ್‌ಸೆಟ್‌ನಿಂದ. ಲಾಗ್‌ನಲ್ಲಿ ಬೆಳಕು ದುಪ್ಪಟ್ಟಾದಾಗಲೆಲ್ಲ ಸಂಖ್ಯೆಗೆ ಹೆಚ್ಚುಕಡಿಮೆ ಒಂದೇ ಮೊತ್ತ ಕೂಡುತ್ತೆ. ಎಸ್-ಲಾಗ್3ಯಲ್ಲಿ, ತೀರಾ ಕತ್ತಲ ಭಾಗ ಬಿಟ್ಟರೆ, ಒಂದು ಸ್ಟಾಪ್‌ಗೆ, ಅಂದರೆ ಬೆಳಕು ಒಂದು ಸಲ ದುಪ್ಪಟ್ಟಾಗೋದಕ್ಕೆ, ಸುಮಾರು 79, ಅದೂ 1023ರ ಲೆಕ್ಕದಲ್ಲಿ. ಹಾಗಾಗಿ ಇಲ್ಲಿ ಕೂಡೋದು ಅಂದರೆ ನಿಜವಾದ ಬೆಳಕಿನಲ್ಲಿ ಗುಣಿಸಿದ ಹಾಗೆ. ಫೋನಿನಲ್ಲಿ ಗೇನ್ ಮಾಡಿದ ಕೆಲಸವನ್ನ ಲಾಗ್‌ನಲ್ಲಿ ಆಫ್‌ಸೆಟ್ ಮಾಡುತ್ತೆ. ಎರಡಕ್ಕೂ ಒಂದೇ ಚಕ್ರ ತಿರುಗಿಸಿದ್ದಕ್ಕೇ ಎಷ್ಟೋ ಸಲ ಬಿಳಿ ಹೊಂದಿಕೆಯಾಗುತ್ತೆ, ನೆರಳು ಹೊಂದಲ್ಲ.

ಮೊದಲು ಆಫ್‌ಸೆಟ್‌ನ ಮಾಸ್ಟರ್ ಚಕ್ರದಿಂದ ಹಸಿರನ್ನ 800ಕ್ಕೆ ಏರಿಸಿ. ಆಮೇಲೆ ಕೆಂಪನ್ನ ಮಾತ್ರ ಸ್ವಲ್ಪ ಮೇಲೆ, ನೀಲಿಯನ್ನ ಮಾತ್ರ ಸ್ವಲ್ಪ ಕೆಳಗೆ. ಕೆಂಪು ಅಲುಗಾಡಿಸಿದಾಗ ಹಸಿರೂ ಒಂಚೂರು ಜರುಗುತ್ತೆ. ಯಾಕಂದರೆ ಮುಂದಿನ ನೋಡ್ ಒಂದು ಬಣ್ಣದ ಹರವಿನಿಂದ ಇನ್ನೊಂದಕ್ಕೆ ಹೋಗುವಾಗ ಮೂರು ಬಣ್ಣಗಳನ್ನ ಬೆರೆಸುತ್ತೆ. ಎರಡು ಮೂರು ಸುತ್ತು ಹಾಕಿದರೆ ಮೂರೂ 800ರ ಹತ್ತಿರ ನಿಲ್ಲುತ್ತವೆ.

ಈಗ ಕಪ್ಪು. ಒಲೆ ಕೆಳಗಿನ ನೆರಳು ಫೋನಿನಲ್ಲಿ 25ರ ಹತ್ತಿರ ಇದ್ದರೆ ಸೋನಿಯಲ್ಲಿ 70 ಇರಬಹುದು. ಫೋನಿನ ಕಪ್ಪನ್ನ ಎತ್ತೋಕೆ ಹೋದರೆ ಅಲ್ಲಿ ಸಿಗೋದು ಚೌಕ ಚೌಕವಾದ ಕಂಪ್ರೆಷನ್ ಕಲೆ ಮಾತ್ರ. ಹಾಗಾಗಿ ಸೋನಿಯ ಮೂರನೇ ನೋಡ್‌ನಲ್ಲಿ, ಪರಿವರ್ತನೆ ಆದ ಮೇಲೆ, ಲಿಫ್ಟ್ ಮಾಸ್ಟರ್ ಇಳಿಸಿ 25ರ ಆಸುಪಾಸಿಗೆ ತನ್ನಿ. ಲಿಫ್ಟ್ ಇಳಿಸಿದಾಗ ನಡುಮಟ್ಟವೂ ಸ್ವಲ್ಪ ಇಳಿಯುತ್ತೆ. ಅದಕ್ಕೆ ಗಾಮಾ ಚಕ್ರದಿಂದ ಸರಿದೂಗಿಸಿ. ಅಳತೆ ಯಾವುದು? ಕೈ. ಮುಖ ಅಲ್ಲ. ಮೇಲಿನ ಶಾಟ್‌ನಲ್ಲಿ ಮುಖವೇ ಇಲ್ಲ, ಒಲೆ ಬಿಸಿಗೆ ಮುಖ ಕೆಂಪೇರಿರುತ್ತೆ. ಎರಡರಲ್ಲೂ ಹಿಟ್ಟಿಲ್ಲದ ಮುಂಗೈ ನೋಡಿ, ಅದರ ಮಟ್ಟ ಒಂದೇ ಆಗೋವರೆಗೆ ಗಾಮಾ ತಿರುಗಿಸಿ.

ಚರ್ಮದ ಬಣ್ಣಕ್ಕೆ Vectorscope ತೆರೆದು, ಚರ್ಮದ ಗೆರೆ ಆನ್ ಮಾಡಿ. ಈ ಸ್ಕೋಪಿನಲ್ಲಿ ದಿಕ್ಕು ಅಂದರೆ ಯಾವ ಬಣ್ಣ, ಕೇಂದ್ರದಿಂದ ದೂರ ಅಂದರೆ ಎಷ್ಟು ಗಾಢ. ಕೆಂಪಿಗೂ ಹಳದಿಗೂ ನಡುವೆ ಹೋಗೋ ಓರೆ ಗೆರೆ ಅದು. ಕಪ್ಪು ಮೈಬಣ್ಣ, ಬಿಳಿ ಮೈಬಣ್ಣ ಎರಡೂ ಬೀಳೋದು ಹೆಚ್ಚುಕಡಿಮೆ ಅದೇ ಗೆರೆಯ ಹತ್ತಿರ. ವ್ಯತ್ಯಾಸ ಇರೋದು ಮುಖ್ಯವಾಗಿ ಬೆಳಕಿನ ಮಟ್ಟದಲ್ಲಿ. ಎರಡು ಶಾಟ್‌ನ ಕೈಯೂ ಗೆರೆಯ ಒಂದೇ ಕಡೆ, ಒಂದೇ ದೂರದಲ್ಲಿ ಇದ್ದರೆ ಸಾಕು. ಗೆರೆಯ ಮೇಲೆಯೇ ಕೂರಬೇಕು ಅಂತ ಹಟ ಬೇಡ. ಅರಿಸಿನ ಮುಟ್ಟಿದ ಕೈ ಹಳದಿ ಕಡೆ ಹೋಗಿರೋದೇ ಸರಿ.

ಇಷ್ಟಾದ ಮೇಲೂ ಉಳಿಯೋದು ಬಾಳೆಎಲೆ. ಬಿಳಿ, ಕಪ್ಪು, ಚರ್ಮ ಎಲ್ಲ ಹೊಂದಿದರೂ ಹಸಿರು ಹೊಂದಲ್ಲ, ಯಾಕಂದರೆ ಪ್ರತಿ ಕ್ಯಾಮೆರಾದ ಸೆನ್ಸರ್ ಮುಂದಿನ ಬಣ್ಣದ ಫಿಲ್ಟರ್ ಬೇರೆ, ಅದರ ಮೇಲೆ ಕಂಪನಿ ಮಾಡೋ ಸಂಸ್ಕರಣೆ ಬೇರೆ. ಇಲ್ಲಿ ಫೋನಿನ ಎಲೆ ಗಾಢ ಹಸಿರು, ವೆಕ್ಟರ್‌ಸ್ಕೋಪಿನಲ್ಲಿ ಕೇಂದ್ರದಿಂದ ದೂರ ಚಾಚಿದೆ. ಸೋನಿಯ ಎಲೆ ಹಳದಿಗೆ ಹತ್ತಿರ, ಚಾಚು ಕಡಿಮೆ. ಸೋನಿಯಲ್ಲಿ ಮೂರನೇ ನೋಡ್ ಆದ ಮೇಲೆ ಇನ್ನೊಂದು ನೋಡ್ ಮಾಡಿ, ಕರ್ವ್ಸ್‌ನಲ್ಲಿ Hue Vs Hue ತೆರೆದು, ಎಲೆಯ ಮೇಲೆ ಕ್ಲಿಕ್ ಮಾಡಿದರೆ ಮೂರು ಬಿಂದು ಬರುತ್ತವೆ. ನಡುವಿನದನ್ನ ನಿಧಾನವಾಗಿ ಸರಿಸಿ, ವೆಕ್ಟರ್‌ಸ್ಕೋಪಿನಲ್ಲಿ ಎಲೆಯ ದಿಕ್ಕು ಫೋನಿನ ಎಲೆಯ ದಿಕ್ಕಿಗೆ ಬರೋವರೆಗೆ. ಬಿಂದುಗಳನ್ನ ತುಂಬಾ ಹತ್ತಿರ ಹತ್ತಿರ ಇಟ್ಟರೆ ಎಲೆಯ ಮೇಲೆ ತೇಪೆ ಹಾಕಿದ ಹಾಗೆ ಕಾಣುತ್ತೆ. ಅಗಲವಾಗಿ ಬಿಡಿ, ಆದರೆ ಹಳದಿ ದಾಟಿ ಚರ್ಮದ ಕಡೆ ಹೋಗದ ಹಾಗೆ.

ಗಾಢತೆಯ ವಿಷಯದಲ್ಲಿ ಮಾತ್ರ ಅಳತೆಗೋಲು ತಿರುಗುತ್ತೆ. ಸೋನಿಯನ್ನ ಏರಿಸೋದಕ್ಕಿಂತ ಫೋನಿನ ಹಸಿರನ್ನ Hue Vs Sat ಕರ್ವ್‌ನಲ್ಲಿ ಇಳಿಸೋದು ವಾಸಿ. ಬಣ್ಣ ಇಳಿಸಿದರೆ ಯಾವ ಫೈಲ್ ಕೂಡ ಒಡೆಯಲ್ಲ, ಏರಿಸಿದರೆ ನಾಯ್ಸ್ ಮೇಲೆ ಬರುತ್ತೆ. ಜೊತೆಗೆ ನಿಜವಾದ ಬಾಳೆಎಲೆ ಫೋನ್ ತೋರಿಸೋವಷ್ಟು ಹಸಿರಲ್ಲ.

ಇಷ್ಟೆಲ್ಲ ಮಾಡಿದರೂ ಹೊಂದದ ಒಂದು ಪರಿಸ್ಥಿತಿ ಇದೆ. ಎದುರಿನ ಕ್ಯಾಮೆರಾಗೆ ಕಾಣೋ ತಟ್ಟೆಯ ಬದಿ ಕಿಟಕಿ ಬೆಳಕಿನಲ್ಲಿ, ಮೇಲಿನ ಫೋನಿಗೆ ಕಾಣೋದು ಸೂರಿನ ಬಲ್ಬಿನ ಬೆಳಕಿನಲ್ಲಿ ಇದ್ದರೆ ಅವು ಎರಡು ಬೇರೆ ಬಿಳಿ. ಎರಡನ್ನೂ ಒಂದೇ ಮಾಡಿದರೆ ಕೈ ತಪ್ಪುತ್ತೆ. ಗುರುತಿಸೋದು ಹೀಗೆ: ತಟ್ಟೆ ಹೊಂದಿದೆ, ಕೈ ಮಾತ್ರ ಒಂದರಲ್ಲಿ ನೀಲಿ. ಆಗ ತಟ್ಟೆ ಬಿಡಿ, ಕೈಯನ್ನೇ ಅಳತೆ ಮಾಡಿಕೊಳ್ಳಿ, ತಟ್ಟೆ ಚೂರು ಬೇರೆ ಇದ್ದರೆ ಇರಲಿ. ನೋಡುವವರ ಕಣ್ಣು ಮೊದಲು ಹಿಡಿಯೋದು ಚರ್ಮವನ್ನ.

ಕೊನೆಗೆ ಫೋನಿನ ಕ್ಲಿಪ್ಪನ್ನ ಶುರುವಿನಿಂದ ಕೊನೆವರೆಗೆ ಓಡಿಸಿ, ಪರೇಡಿನ ಮೇಲೆ ಕಣ್ಣಿಡಿ. ಕೈ ಒಳಗೆ ಬಂದಾಗ, ಹೊರಗೆ ಹೋದಾಗ ತಟ್ಟೆಯ ಮೂರು ಮಟ್ಟ ಬೇರೆಬೇರೆಯಾಗಿ ಜರುಗಿದರೆ ಅದು ಆಟೋ ವೈಟ್ ಬ್ಯಾಲೆನ್ಸ್. ಥಟ್ಟನೆ ಬದಲಾಗಿದ್ದರೆ ಆ ಜಾಗದಲ್ಲಿ ಕ್ಲಿಪ್ ಕತ್ತರಿಸಿ ಎರಡು ತುಂಡಿಗೆ ಎರಡು ಗೇನ್ ಕೊಡಿ. ನಿಧಾನವಾಗಿ ಬದಲಾಗಿದ್ದರೆ ಗೇನ್ ಇರೋ ನೋಡ್‌ಗೆ ಮಾತ್ರ, ಬದಲಾವಣೆ ಶುರುವಾದ ಫ್ರೇಮ್‌ನಲ್ಲಿ ಒಂದು, ಮುಗಿದ ಫ್ರೇಮ್‌ನಲ್ಲಿ ಒಂದು ಕೀಫ್ರೇಮ್ ಹಾಕಿ.