ಎಐ ವಿಡಿಯೋದಲ್ಲಿ ಕ್ಯಾತ್ಸಂದ್ರ ಬೋರ್ಡು ಯಾಕೆ ಕೆಟ್ಟೋಗುತ್ತೆ?

(ಕ್ಲಿಪ್ ಓಡ್ತಿರುತ್ತೆ, ಹಿನ್ನೆಲೆಯಲ್ಲಿ ನನ್ನ ದನಿ)

ನೋಡಿ, ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಹಬೆ, ಹಿಂದೆ ಬೋರ್ಡಲ್ಲಿ "ಕ್ಯಾತ್ಸಂದ್ರ ತಟ್ಟೆ ಇಡ್ಲಿ". ಸೂಪರ್ ಅಲ್ವಾ? ಈಗ ಚಟ್ನಿ ಬಕೆಟ್ ಹಿಡ್ಕೊಂಡು ಹುಡುಗ ಬೋರ್ಡ್ ಮುಂದೆ ಹಾದುಹೋದ. ನಿಲ್ಲಿಸ್ತೀನಿ, ಓದಿ ನೋಡೋಣ. ತುಮಕೂರಲ್ಲಿ ಶುರುವಾದ ಅಕ್ಷರ ಪಾವಗಡ ದಾಟಿ ತೆಲುಗು ಕಡೆ ಹೊರಟುಬಿಟ್ಟಿದೆ.

(ಕ್ಯಾಮೆರಾ ಮುಂದೆ ನಾನು)

ನಮ್ಗೆ ಪರಿಚಯದ ಹೋಟೆಲ್ ಅಣ್ಣ ಒಬ್ರು ಐದು ಸೆಕೆಂಡಿನ ರೀಲ್ ಮಾಡ್ಕೊಡಪ್ಪ ಅಂದ್ರು, ನಾನೂ ಒಂದು ಆ್ಯಪಲ್ಲಿ ಮೂರ್ ಸಲ ಮಾಡ್ದೆ, ಮೂರ್ ಸಲಾನೂ ಇದೇ ಕತೆ, ಕ್ರೆಡಿಟ್ ಮಾತ್ರ ಖಾಲಿ. ಆರು ಬೆರಳಿನ ವಿಷ್ಯ ನಿಮಗೆಲ್ಲ ಗೊತ್ತಿರೋದೇ, ಅದು ಆಮೇಲೆ. ನಂಗೆ ತಲೆ ಕೊರೆದಿದ್ದು ಈ ಬೋರ್ಡು.

ಒಂದೊಂದು ಪಿಕ್ಸೆಲ್ಲಿನ ಲೆಕ್ಕ ಇಟ್ಕೊಂಡು ವಿಡಿಯೋ ಮಾಡೋದು ತುಂಬಾ ಭಾರದ ಕೆಲಸ, ಅದಕ್ಕೆ ಈ ಮಾಡೆಲ್‌ಗಳು ಕುಗ್ಗಿಸಿದ ರೂಪದಲ್ಲೇ ಎಲ್ಲ ತಯಾರು ಮಾಡಿ ಕೊನೆಗೆ ಹಿಗ್ಗಿಸ್ತವೆ. ವಾನ್ 2.1 ಅಂತ ಒಂದು ಓಪನ್ ಮಾಡೆಲ್ ಇದೆ, ಅದರ ಲೆಕ್ಕ ಎಲ್ಲರಿಗೂ ಸಿಗುತ್ತೆ, ಅದನ್ನೇ ತಗೊಳ್ಳೋಣ. ಅಗಲ 8 ಪಿಕ್ಸೆಲ್, ಎತ್ತರ 8, ಫ್ರೇಮು 4, ಇಷ್ಟು ಸೇರಿ ಒಂದು ಮನೆ. ಅಂದ್ರೆ 256 ಪಿಕ್ಸೆಲ್, ಒಂದೊಂದಕ್ಕೂ ಮೂರು ಬಣ್ಣ, ಒಟ್ಟು 768 ನಂಬರ್. ಅಷ್ಟರ ಬದಲು ಅದು ಇಟ್ಕೊಳ್ಳೋದು ಬರೀ 16.

ನಮ್ಮಮ್ಮ ಫೋನಲ್ಲಿ ಚಿಕ್ಕಮ್ಮಂಗೆ ರಂಗೋಲಿ ಹೇಳ್ಕೊಡ್ತಾರಲ್ಲ, ಒಂದೊಂದು ಮನೆಗೆ ಹದಿನಾರೇ ಮಾತು ಅಂತ ಕಟ್ಟುನಿಟ್ಟು ಮಾಡಿ. ನಡುವಿನ ತಾವರೆ ಸರಿಯಾಗೇ ಬರುತ್ತೆ. ಮೂಲೇಲಿರೋ ಸಣ್ಣ ಸುಳಿ ಮಾತ್ರ ಚಿಕ್ಕಮ್ಮ ತನಗೆ ತೋಚಿದ ಹಾಗೆ ಎಳೀತಾರೆ, ಎಳೆದು "ಹಿಂಗೇ ತಾನೆ ಹೇಳಿದ್ದು" ಅಂತಾರೆ.

ನಮ್ಮ ಕನ್ನಡದಲ್ಲಿ ಆ ಸಣ್ಣ ಸುಳಿ ಯಾವ್ದು ಗೊತ್ತಾ? ಒತ್ತಕ್ಷರ! ಬೋರ್ಡಿನ ಅಕ್ಷರ 32 ಪಿಕ್ಸೆಲ್ ಎತ್ತರ ಇದ್ರೆ ಅದಕ್ಕೆ ನಾಲ್ಕು ಮನೆ ಸಿಗುತ್ತೆ, ಕೆಳಗಿನ ಒತ್ತು ಹತ್ತು ಪಿಕ್ಸೆಲ್ ಇದ್ರೆ ಒಂದು ಮನೆ ಚಿಲ್ಲರೆ. ಇನ್ನು ಊರ ಹೆಸರು ನೋಡಿ, ಕ್ಯಾ, ತ್ಸಂ, ದ್ರ. ಇರೋದೇ ಮೂರಕ್ಷರ, ಮೂರಕ್ಕೂ ಒತ್ತು! ಗುರು, ಮಾಡೆಲ್ಲಿಗೆ ಪರೀಕ್ಷೆ ಕೊಡೋಕೇ ಈ ಊರಿಗೆ ಹೆಸರಿಟ್ಟ ಹಾಗಿದೆ.

ಬೋರ್ಡಿನ ಫೋಟೋನ ಮೊದಲ ಫ್ರೇಮಾಗಿ ಕೊಟ್ರೆ ಶುರುನಲ್ಲಿ ಅಕ್ಷರ ಸರಿ ಇರುತ್ತೆ. ಆದ್ರೆ ಹುಡುಗ ಅಡ್ಡ ಬಂದು ಹೋದ್ಮೇಲೆ ಹಿಂದಿದ್ದ ಅಕ್ಷರಾನ ಮತ್ತೆ ಬರೀಬೇಕು, ಅಲ್ಲಿ "ಕ್ಯಾತ್ಸಂದ್ರ" ಅಂತ ಬರೆದಿತ್ತು ಅಂತ ಅಕ್ಷರಕ್ಕೆ ಅಕ್ಷರ ಹೇಳೋ ಚೀಟಿ ಮಾಡೆಲ್ ಹತ್ರ ಇಲ್ಲ, ಎಷ್ಟೋ ಸಲ ಅಕ್ಷರದ ಥರ ಕಾಣೋ ಏನೋ ಒಂದು ಬಂದು ಕೂರುತ್ತೆ. ಚೆಕ್ ಮಾಡ್ಬೇಕಂದ್ರೆ ಮೊದಲ ಫ್ರೇಮು, ಕೊನೇ ಫ್ರೇಮು ಪಕ್ಕಪಕ್ಕ ಇಟ್ಟು ಒತ್ತುಗಳನ್ನ ಮಾತ್ರ ಓದಿ.

(ಸ್ಕ್ರೀನ್ ರೆಕಾರ್ಡಿಂಗ್)

ನಾನೇನ್ ಮಾಡ್ದೆ ಅಂದ್ರೆ, ಎಐ ಹತ್ರ ಬರೆಸೋದನ್ನೇ ಬಿಟ್ಟೆ. ಖಾಲಿ ಹಸಿರು ಬೋರ್ಡ್ ಬೇಕು, ಸುತ್ತ ಮರದ ಕಟ್ಟು, ಮೂಲೆಗಳಲ್ಲಿ ಮೊಳೆ, ಅದರ ಮುಂದೆ ಯಾರೂ ಓಡಾಡಬಾರದು ಅಂತ ಕೇಳ್ದೆ. ಹೆಸರನ್ನ ಆಮೇಲೆ ನಾವೇ ಅಂಟಿಸೋದು. ಕಟ್ಟು, ಮೊಳೆ ಶೋಕಿಗಲ್ಲ, ಬೋರ್ಡ್ ಅಲ್ಲಾಡಿದ ಹಾಗೆ ಹೆಸರನ್ನೂ ಅಲ್ಲಾಡಿಸೋಕೆ ಟ್ರ್ಯಾಕರ್ ಅಂತ ಒಂದು ಟೂಲ್ ಬೇಕು, ಪೂರ್ತಿ ನುಣ್ಣಗಿರೋ ಬೋರ್ಡಲ್ಲಿ ಅದು ಜಾರುತ್ತೆ, ಅದಕ್ಕೆ ಹಿಡ್ಕೊಳ್ಳೋಕೆ ಏನಾದ್ರೂ ಬೇಕು. ಡಾವಿಂಚಿ ರಿಸಾಲ್ವ್ ಅನ್ನೋ ವಿಡಿಯೋ ಎಡಿಟರಿನ ಫ್ರೀ ವರ್ಷನ್ನಲ್ಲೇ ಫ್ಯೂಷನ್ ಪೇಜ್ ಇದೆ, ಅಲ್ಲಿ Planar Tracker ಹಾಕಿ ಕಟ್ಟು ಸೇರಿಸಿ ಗೆರೆ ಎಳೆದು ಟ್ರ್ಯಾಕ್ ಮಾಡಿ, ಆಮೇಲೆ ಮೋಡ್ Corner Pin ಮಾಡಿ ಹೆಸರಿನ ಚಿತ್ರಾನ ನಾಲ್ಕು ಮೂಲೆಗೆ ಕೂರಿಸಿ. ಹೆಸರನ್ನ ಇಂಕ್‌ಸ್ಕೇಪ್ ಅನ್ನೋ ಚಿತ್ರ ಬಿಡಿಸೋ ಸಾಫ್ಟ್‌ವೇರಲ್ಲಿ ಬರೆದು ಹಿಂಬದಿ ಖಾಲಿ ಇರೋ PNG ಮಾಡ್ಕೊಂಡ್ರೆ ಒಳ್ಳೇದು, ಕೆಲವು ಎಡಿಟರ್‌ಗಳು ಒತ್ತನ್ನ ಪಕ್ಕಕ್ಕೆ ತಳ್ಳಿಬಿಡ್ತವೆ, ಆಗ ಎಐ ಮಾಡಿದ್ದ ತಪ್ಪನ್ನ ನಾವೇ ಮಾಡಿದಂಗಾಗುತ್ತೆ. ಕೊನೆಗೆ ಚೂರು ಬ್ಲರ್ ಕೊಡಿ, ಬಿಳಿ ಬಣ್ಣ ಸ್ವಲ್ಪ ಮಂಕು ಮಾಡಿ, ಇಲ್ಲಾಂದ್ರೆ ಸ್ಟಿಕ್ಕರ್ ಅಂಟಿಸಿದ ಹಾಗೆ ಕಾಣುತ್ತೆ. ಕ್ಯಾಮೆರಾ ಅಲ್ಲಾಡದೇ ಇದ್ರೆ ಟ್ರ್ಯಾಕಿಂಗೇ ಬೇಡ.

ಟೈಮ್ ಆಗೋಯ್ತು, ಮಿಕ್ಕಿದ್ದು ಬೇಗ ಹೇಳ್ತೀನಿ. ಬೆರಳಿಗೂ ಹೆಚ್ಚುಕಮ್ಮಿ ಇದೇ ಕಾಯಿಲೆ, ಇಡ್ಲಿ ಮುರಿಯುವಾಗ ಒಂದು ಬೆರಳು ಇನ್ನೊಂದರ ಹಿಂದೆ ಹೋಗುತ್ತೆ, ವಾಪಸ್ ಬರುವಾಗ ಲೆಕ್ಕ ತಪ್ಪುತ್ತೆ. ಆ ಎರಡು ಸೆಕೆಂಡನ್ನ ನಿಜವಾದ ಕೈ ಇಟ್ಟು ಫೋನಲ್ಲೇ ಶೂಟ್ ಮಾಡಿ, ನಾನು ಮಾಡಿದ್ದೂ ಅದೇ, ಇಡ್ಲಿ ತಿಂದಿದ್ದೂ ನಾನೇ. ಇನ್ನು ಚಟ್ನಿ. ಎಷ್ಟು ಸುರಿದ್ರೆ ಸೌಟಲ್ಲಿ ಎಷ್ಟು ಉಳೀಬೇಕು ಅನ್ನೋ ಲೆಕ್ಕ ಅದು ಇಟ್ಟಿರಲ್ಲ, ಸುರಿಯೋದು ಹೆಂಗೆ ಕಾಣುತ್ತೆ ಅಷ್ಟೇ ಕಲಿತಿರೋದು. ಅದಕ್ಕೆ ಸೌಟು ಬಗ್ಗಿದ ಕೂಡ್ಲೇ ಕಟ್ ಮಾಡಿ ತಟ್ಟೆ ತೋರಿಸಿ. ನಾನು ಕಟ್ ಮಾಡದೇ ಇರೋ ವರ್ಷನ್ನನ್ನೇ ಮೊದಲು ಅಣ್ಣಂಗೆ ತೋರಿಸ್ಬಿಟ್ಟಿದ್ದೆ. ಅವರು ಎರಡು ಸಲ ನೋಡಿ ಕೇಳಿದ್ರು, "ಬೋರ್ಡ್ ಬಿಡಪ್ಪ, ಆ ಸೌಟು ಎಲ್ ಸಿಗುತ್ತೆ? ಎಷ್ಟ್ ಬಡಿಸಿದ್ರೂ ಚಟ್ನಿ ಖಾಲೀನೇ ಆಗ್ತಿಲ್ವಲ್ಲ!"