ಆವರಣದ ಹೊರಗಿನ ಮೈನಸ್

ಎಲ್ಲರಿಗೂ ನಮಸ್ಕಾರ. ಇವತ್ತು ನಾನು ಮಾತಾಡುವುದು ಒಂದೇ ಒಂದು ಮೈನಸ್ ಚಿಹ್ನೆಯ ಬಗ್ಗೆ. ಎರಡು ಬಹುಪದೋಕ್ತಿಗಳ ನಡುವೆ ಕೂತಿರುತ್ತದಲ್ಲ, ಅದು. ಮೊದಲು ಬೋರ್ಡ್ ನೋಡಿ.

(5x² − 3x + 4) − (2x² − 7x + 9)

ಒಂದು ನಿಮಿಷ ತಗೊಂಡು ನಿಮ್ಮ ನೋಟ್‌ಬುಕ್ಕಿನಲ್ಲಿ ಮಾಡಿ. ಪಕ್ಕದವರದ್ದು ನೋಡಬೇಡಿ.

ಆಯ್ತಾ? ಈ ಲೆಕ್ಕಕ್ಕೆ ಹೊಸಬರು ಕೊಡುವ ಉತ್ತರ ಹೆಚ್ಚಾಗಿ ಎರಡು ಥರ ಇರುತ್ತದೆ. ಒಂದು 3x² + 4x − 5, ಇನ್ನೊಂದು 3x² − 10x + 13. ಮೊದಲನೆಯದು ಸರಿ. ಎರಡನೆಯದು ತಪ್ಪು, ಆದರೆ ಆ ತಪ್ಪಿನಲ್ಲಿ ಒಂದು ಕ್ರಮ ಇದೆ. ಅದು ಹೇಗೆ ಬಂತು ಅಂತ ಬಿಡಿಸಿ ನೋಡೋಣ.

ಎರಡನೇ ಉತ್ತರ ಬರೆದವರು ಆವರಣ ತೆಗೆದಾಗ ಹೀಗೆ ಬರೆದಿರುತ್ತಾರೆ:

5x² − 3x + 4 − 2x² − 7x + 9

ಹೊರಗಿನ ಮೈನಸ್ 2x² ಮೇಲೆ ಬಿತ್ತು, ಅಲ್ಲಿಗೇ ನಿಂತುಬಿಟ್ಟಿತು. −7x ಇದ್ದದ್ದು ಹಾಗೇ ಉಳಿಯಿತು, +9 ಕೂಡ ಹಾಗೇ ಉಳಿಯಿತು. ಕಣ್ಣಿಗೆ ಇದು ಸಹಜವಾಗಿಯೇ ಕಾಣುತ್ತದೆ, ಯಾಕೆಂದರೆ ಮೈನಸ್ ಪಕ್ಕದಲ್ಲೇ ಇರುವುದು 2x². ಆದರೆ ಆವರಣ ಹಾಕಿರುವುದೇ "ಇದಿಷ್ಟನ್ನೂ ಸೇರಿಸಿ ಕಳೆಯಿರಿ" ಅಂತ ಹೇಳುವುದಕ್ಕೆ. ಹಾಗಾಗಿ ಸರಿಯಾದ ಸಾಲು ಇದು:

5x² − 3x + 4 − 2x² + 7x − 9

ಒಳಗಿನ ಮೂರೂ ಪದಗಳ ಚಿಹ್ನೆ ಬದಲಾಯಿತು. ಈಗ ಸಜಾತೀಯ ಪದಗಳನ್ನು ಒಟ್ಟುಗೂಡಿಸಿ. 5x² − 2x² ಅಂದರೆ 3x². −3x + 7x ಅಂದರೆ 4x. 4 − 9 ಅಂದರೆ −5. ಮುಗಿಯಿತು.

ಚಿಹ್ನೆ ಯಾಕೆ ಬದಲಾಗಬೇಕು ಅಂತ ಕೇಳಿದರೆ ತುಂಬಾ ಜನ "ಅದು ರೂಲ್" ಅನ್ನುತ್ತಾರೆ. ರೂಲ್ ಅಂತ ಬಾಯಿಪಾಠ ಮಾಡಿದ್ದು ಅವಸರದಲ್ಲಿ ಮರೆತುಹೋಗುತ್ತದೆ. x ಬಿಟ್ಟು ಬರೀ ಸಂಖ್ಯೆಗಳಲ್ಲಿ ನೋಡಿ: 20 − (8 − 3). ಆವರಣದೊಳಗೆ ಇರುವುದು 5. ಆದ್ದರಿಂದ ಉತ್ತರ 15, ಇದರಲ್ಲಿ ಯಾರಿಗೂ ಅನುಮಾನ ಇಲ್ಲ. ಈಗ ಆವರಣ ಬಿಡಿಸುತ್ತಾ ಹೋಗೋಣ. ಮೊದಲು 20ರಿಂದ 8 ಕಳೆದೆವು, 12 ಉಳಿಯಿತು. ಆದರೆ ನಾವು ಕಳೆಯಬೇಕಾಗಿದ್ದದ್ದು 8 ಅಲ್ಲ, ಅದಕ್ಕಿಂತ 3 ಕಡಿಮೆ. ಅಂದರೆ 3 ಜಾಸ್ತಿ ಕಳೆದುಬಿಟ್ಟಿದ್ದೇವೆ. ಆ 3 ವಾಪಸ್ ಸೇರಿಸಬೇಕು, ಆಗಲೇ 15 ಆಗುವುದು. ಒಳಗಿನ −3 ಹೊರಗೆ ಬಂದಾಗ +3 ಆಗುವುದು ಇದೇ ಕಾರಣಕ್ಕೆ. ಇನ್ನೊಂದು ರೀತಿಯಲ್ಲೂ ಹೇಳಬಹುದು, ಆವರಣದ ಹಿಂದಿನ ಮೈನಸ್ ಅಂದರೆ −1ರಿಂದ ಗುಣಿಸುವುದು, ವಿಭಾಜಕ ನಿಯಮದ ಪ್ರಕಾರ ಅದು ಒಳಗಿನ ಪ್ರತಿಯೊಂದು ಪದಕ್ಕೂ ಹೋಗಲೇಬೇಕು. ಎರಡೂ ಒಂದೇ ಮಾತು. ನನಗೆ ಮೊದಲನೆಯದೇ ಹೆಚ್ಚು ಇಷ್ಟ, ಯಾಕೆಂದರೆ ಅಲ್ಲಿ ಏನಾಗುತ್ತಿದೆ ಅಂತ ಕಾಣಿಸುತ್ತದೆ.

ಈಗ ಆ ತಪ್ಪು ಉತ್ತರಕ್ಕೆ ವಾಪಸ್ ಬರೋಣ, ಅದರಲ್ಲಿ ಕ್ರಮ ಇದೆ ಅಂದೆನಲ್ಲ. ತಪ್ಪು ಉತ್ತರದಿಂದ ಸರಿ ಉತ್ತರವನ್ನು ಕಳೆಯಿರಿ. −10x ಮತ್ತು 4x ನಡುವಿನ ವ್ಯತ್ಯಾಸ −14x. 13 ಮತ್ತು −5 ನಡುವಿನ ವ್ಯತ್ಯಾಸ 18. ಒಟ್ಟು −14x + 18. ಇದು ಯಾವುದರ ಹಾಗೆ ಕಾಣುತ್ತದೆ? ಚಿಹ್ನೆ ಬದಲಾಯಿಸದೆ ಬಿಟ್ಟ −7x + 9 ಇದೆಯಲ್ಲ, ಅದರ ಸರಿಯಾಗಿ ಎರಡರಷ್ಟು. ಕಳೆಯಬೇಕಾದ್ದನ್ನು ಕಳೆಯಲಿಲ್ಲ, ಅದು ಒಂದು ಪಾಲು. ಕಳೆಯದೆ ಬಿಟ್ಟದ್ದು ಸಾಲದು ಅಂತ ಕೂಡಿಬಿಟ್ಟೆವು, ಅದು ಇನ್ನೊಂದು ಪಾಲು. ಹಾಗಾಗಿ ಉತ್ತರ ಯಾವಾಗಲೂ ಮರೆತ ಪದಗಳ ಎರಡರಷ್ಟು ಆಚೀಚೆ ಆಗುತ್ತದೆ. ನಿಮ್ಮ ಉತ್ತರಕ್ಕೂ ಪುಸ್ತಕದ ಹಿಂದಿನ ಉತ್ತರಕ್ಕೂ ಹೊಂದಿಕೆ ಆಗದಿದ್ದರೆ ಎರಡರ ವ್ಯತ್ಯಾಸ ತೆಗೆದು ಅರ್ಧ ಮಾಡಿ. ಆ ಅರ್ಧ ಎರಡನೇ ಆವರಣದಲ್ಲಿ ಎಲ್ಲಾದರೂ ಸಿಕ್ಕಿತು ಅಂದರೆ ಯಾವ ಪದದ ಚಿಹ್ನೆ ಮರೆತಿರಿ ಅಂತ ಗೊತ್ತಾಯಿತು. ಲೆಕ್ಕವನ್ನು ಮೊದಲಿಂದ ಮಾಡಬೇಕಾಗಿಲ್ಲ.

ಪುಸ್ತಕದ ಹಿಂದೆ ಉತ್ತರ ಇಲ್ಲದಿದ್ದರೆ? ಪರೀಕ್ಷೆಯಲ್ಲಂತೂ ಇರುವುದಿಲ್ಲ. ಆಗ x ಜಾಗದಲ್ಲಿ ಒಂದು ಸಂಖ್ಯೆ ಹಾಕಿ ನೋಡಬಹುದು. x = 1 ಹಾಕಿದರೆ ಮೊದಲ ಆವರಣ 5 − 3 + 4, ಅಂದರೆ 6. ಎರಡನೆಯದು 2 − 7 + 9, ಅಂದರೆ 4. ಕಳೆದರೆ 2. ಸರಿ ಉತ್ತರದಲ್ಲಿ 3 + 4 − 5, ಅದೂ 2. ತಪ್ಪು ಉತ್ತರದಲ್ಲಿ 3 − 10 + 13, ಅಂದರೆ 6. ಸಿಕ್ಕಿಬಿತ್ತು.

ಇದನ್ನು ತುಂಬಾ ಜನ ಹೇಳಿಕೊಡುತ್ತಾರೆ, ಒಳ್ಳೆಯದೇ. ಆದರೆ x = 1 ಅನ್ನು ಕಣ್ಣುಮುಚ್ಚಿ ನಂಬಬೇಡಿ. ಈ ಲೆಕ್ಕ ನೋಡಿ:

(x² − 4x + 1) − (3x² − 5x + 5)

ಅದೇ ತಪ್ಪು ಮಾಡಿದರೆ ಬರುವುದು −2x² − 9x + 6. ಸರಿ ಉತ್ತರ −2x² + x − 4. ಎರಡಕ್ಕೂ x = 1 ಹಾಕಿ. ಮೊದಲನೆಯದು −2 − 9 + 6 = −5. ಎರಡನೆಯದು −2 + 1 − 4 = −5. ಎರಡೂ ಒಂದೇ! ಮೂಲ ಲೆಕ್ಕಕ್ಕೆ ಹಾಕಿದರೂ −2 − 3, ಅಂದರೆ −5. ತಪ್ಪು ಉತ್ತರ ಪಾಸ್ ಆಗಿಬಿಟ್ಟಿತು. ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ: ಮರೆತ ಭಾಗ −5x + 5, x = 1 ಆದಾಗ ಅದು ಸೊನ್ನೆ, ಸೊನ್ನೆಯ ಎರಡರಷ್ಟೂ ಸೊನ್ನೆ. x = 2 ಹಾಕಿದರೆ ಮೂಲ ಲೆಕ್ಕ −3 − 7, ಅಂದರೆ −10. ಸರಿ ಉತ್ತರವೂ −10, ತಪ್ಪು ಉತ್ತರ −20. ಹಾಗಾಗಿ ನಾನು 2 ಅಥವಾ 10 ಹಾಕುತ್ತೇನೆ, ಇನ್ನೂ ಅನುಮಾನ ಇದ್ದರೆ ಎರಡನ್ನೂ. x = 0 ಹಾಕಿದರೆ ಸ್ಥಿರಾಂಕ ಮಾತ್ರ ಪರೀಕ್ಷೆ ಆಗುತ್ತದೆ, x ಇರುವ ಪದಗಳೆಲ್ಲ ಮಾಯ, ಅದರಿಂದ ಜಾಸ್ತಿ ಪ್ರಯೋಜನ ಇಲ್ಲ.

ಇನ್ನೊಂದು ತಪ್ಪು ಹುಟ್ಟುವುದು "ಮೈನಸ್ ಮೈನಸ್ ಪ್ಲಸ್" ಅನ್ನುವ ಮಾತಿನಿಂದ. ಈ ಮಾತನ್ನು ಯಾವಾಗ ಬಳಸಬೇಕು ಅಂತ ಹೇಳದೆ ಬರೀ ಮಾತನ್ನಷ್ಟೇ ಹೇಳಿಕೊಟ್ಟಿರುತ್ತಾರೆ, ಅದಕ್ಕೇ ಇದರ ಮೇಲೆ ನನಗೆ ಸ್ವಲ್ಪ ಸಿಟ್ಟು. ಆವರಣ ತೆಗೆಯುವಾಗ, ಅಂದರೆ −(−7x) ಅನ್ನುವಲ್ಲಿ, ಅದು ಸರಿ. ಆದರೆ ಆವರಣ ತೆಗೆದ ಮೇಲೆ −3x − 7x ಅಂತ ಒಂದು ಸಾಲು ಬಂದರೆ? ಅಲ್ಲೂ ಎರಡು ಮೈನಸ್ ಕಾಣುತ್ತವೆ, ಕೈ ತಾನಾಗಿಯೇ +10x ಅಂತ ಬರೆದುಬಿಡುತ್ತದೆ. ಅಲ್ಲಿ ಗುಣಾಕಾರವೇ ಇಲ್ಲ. 3x ಕಡಿಮೆ, ಅದರ ಮೇಲೆ ಇನ್ನೂ 7x ಕಡಿಮೆ, ಒಟ್ಟು −10x. ಇದಕ್ಕೆ ಒಂದೇ ಉಪಾಯ, ಆವರಣ ಬಿಡಿಸುವುದು ಒಂದು ಸಾಲು, ಸಜಾತೀಯ ಪದಗಳನ್ನು ಕೂಡಿಸುವುದು ಮುಂದಿನ ಸಾಲು. ಎರಡನ್ನೂ ಒಂದೇ ಏಟಿಗೆ ತಲೆಯಲ್ಲೇ ಮಾಡಲು ಹೋದಾಗ ಈ ಮಾತು ತಪ್ಪು ಜಾಗಕ್ಕೆ ಬಂದು ಕೂರುತ್ತದೆ.

ಒಂದರ ಕೆಳಗೊಂದು ಬರೆದು ಕಳೆಯುವವರಿಗೂ ಒಂದು ಮಾತು. ಕೆಳಗಿನ ಸಾಲಿನ ಚಿಹ್ನೆಗಳನ್ನೆಲ್ಲ ಬದಲಾಯಿಸಿದ ಮೇಲೆ ಮಾಡಬೇಕಾದ್ದು ಕೂಡುವುದು. ಬದಲಾಯಿಸಿಯೂ ಮತ್ತೆ ಕಳೆದರೆ ಎರಡು ಬಾರಿ ತಿರುಗಿಸಿದ ಹಾಗಾಗುತ್ತದೆ, ಕೊನೆಗೆ ಸಿಗುವುದು ಎರಡು ಬಹುಪದೋಕ್ತಿಗಳ ಮೊತ್ತ. ಹಳೆಯ ಚಿಹ್ನೆಯನ್ನು ಹಾಗೇ ಬಿಟ್ಟು ಅದರ ಕೆಳಗೆ ಹೊಸದನ್ನು ಬರೆಯುವ ಅಭ್ಯಾಸ ಇದ್ದರೆ, ಹಳೆಯದನ್ನು ಹೊಡೆದುಹಾಕಿ. ಯಾವುದಾದರೂ ಘಾತದ ಪದ ಇಲ್ಲದಿದ್ದರೆ ಆ ಜಾಗ ಖಾಲಿ ಬಿಡಿ, x² ಕೆಳಗೆ x ಬಂದು ಕೂರಬಾರದು.

ಇನ್ನು ಯಾವುದರಿಂದ ಯಾವುದನ್ನು ಕಳೆಯಬೇಕು ಅನ್ನುವ ಗೊಂದಲ. "5x² − 3x + 4 ಅನ್ನು 2x² − 7x + 9ರಿಂದ ಕಳೆಯಿರಿ" ಅಂತ ಪ್ರಶ್ನೆ ಇದ್ದರೆ, ಮೊದಲು ಬರೆಯಬೇಕಾದ್ದು 2x² − 7x + 9. ಓದಿದ ಕ್ರಮದಲ್ಲೇ ಬರೆದುಕೊಂಡರೆ ಉತ್ತರದ ಎಲ್ಲ ಚಿಹ್ನೆಗಳೂ ತಿರುಗುಮುರುಗಾಗುತ್ತವೆ. ಬರಬೇಕಾದ್ದು −3x² − 4x + 5, ಬರುವುದು 3x² + 4x − 5. ಸಂಖ್ಯೆಗಳೆಲ್ಲ ಸರಿ, ಚಿಹ್ನೆಗಳೆಲ್ಲ ಉಲ್ಟಾ ಅಂತಾದರೆ ನಿಮ್ಮ ಬೀಜಗಣಿತದಲ್ಲಿ ದೋಷ ಇಲ್ಲ, ಪ್ರಶ್ನೆ ಓದಿದ್ದರಲ್ಲಿ ಇದೆ.

ಈಗ ಸ್ವಲ್ಪ ಕಷ್ಟದ್ದು. ಇಲ್ಲಿಯವರೆಗೆ ಆವರಣ ಕಣ್ಣಿಗೆ ಕಾಣುತ್ತಿತ್ತು. ಕೆಲವು ಕಡೆ ಅದನ್ನು ನಾವೇ ಹಾಕಿಕೊಳ್ಳಬೇಕು.

(x + 4)² − (x − 3)²

ಎರಡನೇ ವರ್ಗವನ್ನು ಬಿಡಿಸಿದರೆ x² − 6x + 9. ಹೊಸಬರು ಅದನ್ನು ಸೀದಾ ಮೈನಸ್ ಪಕ್ಕದಲ್ಲಿ ಇಟ್ಟುಬಿಡುತ್ತಾರೆ: x² + 8x + 16 − x² − 6x + 9, ಉತ್ತರ 2x + 25. ವರ್ಗ ಬಿಡಿಸಿದ್ದು ಸರಿಯೇ, ಆದರೆ ಬಿಡಿಸುವಾಗ ಹಳೆಯ ಆವರಣ ಹೋಯಿತು, ಹೊಸದು ಬರಲಿಲ್ಲ. ಬಿಡಿಸಿದ್ದನ್ನು ಮೊದಲು −(x² − 6x + 9) ಅಂತ ಆವರಣದೊಳಗೇ ಬರೆಯಿರಿ, ಆಮೇಲೆ ಮೈನಸ್ ಒಳಗೆ ಕಳಿಸಿ. ಆಗ −x² + 6x − 9 ಬರುತ್ತದೆ, ಉತ್ತರ 14x + 7. x = 2 ಹಾಕಿ ನೋಡಿ. 36 − 1 = 35, 28 + 7 = 35. ತಪ್ಪು ಉತ್ತರದಲ್ಲಿ 29. ವ್ಯತ್ಯಾಸ −6, ಅರ್ಧ −3, ಅದು −6x + 9ರಲ್ಲಿ x = 2 ಹಾಕಿದಾಗ ಬರುವ ಬೆಲೆಯೇ.

ಮೈನಸ್ ಪಕ್ಕದಲ್ಲಿ ಸಂಖ್ಯೆ ಇದ್ದಾಗಲೂ ಇದೇ ಕಥೆ. 4x − 2(x − 3) ಅಂದರೆ 4x − 2x + 6. ಒಳಗೆ ಹೋಗುವುದು 2 ಅಲ್ಲ, −2. ಅದನ್ನು 2 ಅಂತ ಓದಿದವರೇ 4x − 2x − 6 ಅಂತ ಬರೆಯುವುದು.

ಎಲ್ಲಕ್ಕಿಂತ ಮೋಸದ ಜಾಗ ಭಿನ್ನರಾಶಿ. 3x/4ರಿಂದ x − 5ರ ನಾಲ್ಕನೇ ಒಂದು ಭಾಗವನ್ನು ಕಳೆಯಬೇಕು ಅಂದುಕೊಳ್ಳಿ. ಕಾಗದದ ಮೇಲೆ x − 5 ಅಡ್ಡಗೆರೆಯ ಮೇಲೆ ಕೂತಿರುತ್ತದೆ, ಆವರಣ ಎಲ್ಲೂ ಇರುವುದಿಲ್ಲ. ಆದರೆ ಆ ಗೆರೆಯೇ ಆವರಣದ ಕೆಲಸ ಮಾಡುತ್ತಿದೆ. ಛೇದ ಎರಡಕ್ಕೂ 4 ಆದ್ದರಿಂದ ಅಂಶಗಳನ್ನು ಒಂದೇ ಗೆರೆಯ ಮೇಲೆ ತರುವಾಗ ಎರಡನೇ ಗೆರೆ ಕಾಣೆಯಾಗುತ್ತದೆ, ಅದರ ಜೊತೆ ಆವರಣವೂ ಕಾಣೆಯಾಗುತ್ತದೆ, ಮತ್ತು 3x − x − 5 ಅಂತ ಬರೆದದ್ದು ತಪ್ಪು ಅಂತ ಅನ್ನಿಸುವುದೇ ಇಲ್ಲ. ಬರೆಯಬೇಕಾದ್ದು 3x − (x − 5), ಅಂದರೆ 2x + 5, ಉತ್ತರ (2x + 5)/4. ಎರಡು ಭಿನ್ನರಾಶಿಗಳ ನಡುವೆ ಮೈನಸ್ ಇದ್ದು, ಎರಡನೆಯದರ ಅಂಶದಲ್ಲಿ ಒಂದಕ್ಕಿಂತ ಹೆಚ್ಚು ಪದ ಇದ್ದರೆ, ಬೇರೆ ಏನು ಮಾಡುವ ಮೊದಲೂ ಪೆನ್ಸಿಲಿನಲ್ಲಿ ಆ ಅಂಶಕ್ಕೆ ಆವರಣ ಹಾಕಿ.